ವಿದೇಶಕ್ಕೆ ಹೊರಡೋ ಮುಂಚೆ ಮನೆ ಟಿವಿ ಮಾರೋಕೆ ಚಿಕ್ಕ ಜಾಹೀರಾತು ಬರೆಯೋದು ಹೇಗೆ

ಈ ಪ್ರಶ್ನೆ ತುಂಬಾ ಜನ ಕೇಳಿದಾರೆ, ಅದಕ್ಕೆ ಒಂದೇ ಸಲ ಕೂತು ಪೂರ್ತಿ ಬರೀತಿದೀನಿ. ಪ್ರಶ್ನೆ ಹೆಚ್ಚುಕಮ್ಮಿ ಹೀಗಿರತ್ತೆ: "ಮುಂದಿನ ತಿಂಗಳು ಫ್ಯಾಮಿಲಿ ಸಮೇತ ಹೊರಡ್ತಿದೀವಿ, ಟಿವಿ ಮಾರೋಕೆ ಹಾಕಿದೀವಿ, ದಿನಾ ಇಪ್ಪತ್ತು ಜನ 'ಲಾಸ್ಟ್ ಪ್ರೈಸ್ ಎಷ್ಟು' ಅಂತ ಮೆಸೇಜ್ ಮಾಡ್ತಾರೆ, ನೋಡೋಕೆ ಮಾತ್ರ ಒಬ್ರೂ ಬರ್ತಿಲ್ಲ, ಏನು ಮಾಡೋದು?" ನೀವು ಹಾಕಿರೋದನ್ನ ಕಳಿಸಿ ಅಂದ್ರೆ ಬರೋದು ಇಷ್ಟು:

"43 ಇಂಚ್ ಸ್ಮಾರ್ಟ್ ಟಿವಿ, ಸೂಪರ್ ಕಂಡೀಷನ್, ಫಾರಿನ್‌ಗೆ ಹೋಗ್ತಿರೋದ್ರಿಂದ ಅರ್ಜೆಂಟ್ ಸೇಲ್, 18,000, ಆಸಕ್ತರು ಕಾಲ್ ಮಾಡಿ."

ಇದನ್ನ ಓದಿದವರಿಗೆ ಬೆಲೆ ಬಿಟ್ಟು ಬೇರೇನೂ ಗೊತ್ತಾಗಲ್ಲ, ಹಾಗಾಗಿ ಬೆಲೆ ಬಗ್ಗೆ ಮಾತ್ರ ಕೇಳ್ತಾರೆ. ಹಳೇ ಟಿವಿ ತಗೊಳ್ಳೋರಿಗೆ ನಿಜವಾಗ್ಲೂ ಇರೋ ಭಯ ಮೂರು. ಪರದೆ ಸರಿ ಇದೆಯಾ, ಹೇಳ್ತಿರೋದಕ್ಕಿಂತ ಹಳೇದಾ, ದುಡ್ಡು ಕೊಟ್ಟ ಮೇಲೆ ಟಿವಿ ಯಾವತ್ತು ಕೈಗೆ ಸಿಗತ್ತೆ. ಜಾಹೀರಾತು ಹತ್ತೇ ಸಾಲು ಇರ್ಲಿ, ಈ ಮೂರಕ್ಕೆ ಅದ್ರಲ್ಲೇ ಉತ್ತರ ಇರ್ಬೇಕು.

ನಮ್ಮ ಅಕ್ಕ-ಭಾವ ಬೆಂಗಳೂರಿಂದ ಕೆನಡಾಗೆ ಹೊರಟಾಗ ಅವರ ಟಿವಿಗೆ ನಾನೇ ಬರೆದುಕೊಟ್ಟಿದ್ದೆ, ಅದನ್ನೇ ಉದಾಹರಣೆಗೆ ಇಟ್ಕೊಂಡು ಹೇಳ್ತೀನಿ. 43 ಇಂಚಿನ 4ಕೆ ಎಲ್‌ಇಡಿ, 2021ರ ಅಕ್ಟೋಬರ್‌ನಲ್ಲಿ 34,000ಕ್ಕೆ ತಗೊಂಡಿದ್ದು, ಗೋಡೆಗೆ ಹಾಕಿದ್ರು, ಪರದೆಯ ಎಡಗಡೆ ಕೆಳಮೂಲೆ ಸ್ವಲ್ಪ ಮಬ್ಬು.

"ಜೊತೆಗೇ ತಗೊಂಡು ಹೋದ್ರೆ ಆಗಲ್ವಾ" ಅಂತಾನೂ ಕೇಳ್ತಾರೆ. ನಮ್ಮಲ್ಲಿ ಕರೆಂಟು 230 ವೋಲ್ಟು, ಕೆನಡಾ ಅಮೆರಿಕಾದಲ್ಲಿ 120. ಹಿಂದಿನ ಸ್ಟಿಕ್ಕರ್ ಮೇಲೆ 100-240V ಅಂತ ಇದ್ರೆ ಅಲ್ಲೂ ಆನ್ ಆಗತ್ತೆ, ಆದ್ರೆ ಆಂಟೆನಾ ಚಾನಲ್ ಹಿಡಿಯೋ ಪದ್ಧತಿ ಬೇರೆ, ದಾರೀಲಿ ಪರದೆ ಒಡೆಯೋ ಅಪಾಯ, ಸಾಗಾಟದ ಖರ್ಚು ಎಲ್ಲ ಸೇರಿಸಿದ್ರೆ ನಾಲ್ಕೈದು ವರ್ಷದ ಟಿವಿಗೆ ಲೆಕ್ಕ ಕೂಡಲ್ಲ. ಮಾರೋದೇ ಸರಿ.

1. ಮೊದಲು ಹಿಂದಿನ ಸ್ಟಿಕ್ಕರ್ ಓದಿ

ಬರೆಯೋಕೆ ಕೂರೋ ಮುಂಚೆ ಟಿವಿ ಹಿಂದೆ ಇರೋ ಸ್ಟಿಕ್ಕರ್ ನೋಡಿ. ಗೋಡೆಗೆ ಹಾಕಿದ್ರೆ ಬಿಚ್ಚೋಕೆ ಹೋಗ್ಬೇಡಿ, ಫೋನ್ ಟಾರ್ಚ್ ಆನ್ ಮಾಡಿ ಸಂದಿಯೊಳಗೆ ತೂರಿಸಿ ವಿಡಿಯೋ ಮಾಡಿ, ಆಮೇಲೆ ನಿಲ್ಲಿಸಿ ಓದ್ಕೊಳ್ಳಿ. ಅದೂ ಆಗ್ಲಿಲ್ಲ ಅಂದ್ರೆ ಟಿವಿ ಸೆಟ್ಟಿಂಗ್ಸ್‌ನಲ್ಲಿ About ಅಂತ ಇರೋ ಕಡೆ ಸಾಮಾನ್ಯವಾಗಿ ಮಾಡೆಲ್ ನಂಬರ್ ಸಿಗತ್ತೆ.

ಬೇಕಾಗಿರೋದು ಎರಡು: ಪೂರ್ತಿ ಮಾಡೆಲ್ ನಂಬರ್, ತಯಾರಾದ ತಿಂಗಳು-ವರ್ಷ. ಮಾಡೆಲ್ ನಂಬರ್ ಒಂದು ಅಕ್ಷರಾನೂ ಬಿಡದೆ ಬರೀರಿ, ಯಾಕಂದ್ರೆ ಗಂಭೀರವಾಗಿ ತಗೊಳ್ಳೋರು ಅದನ್ನ ಗೂಗಲ್‌ಗೆ ಹಾಕಿ ಎಷ್ಟು ಪೋರ್ಟ್, ಎಂಥ ಪರದೆ ಅಂತ ತಾವೇ ನೋಡ್ಕೋತಾರೆ, ಆ ವಿವರ ಎಲ್ಲ ನೀವು ಟೈಪ್ ಮಾಡೋದು ತಪ್ಪತ್ತೆ. ತಯಾರಾದ ದಿನಾಂಕ ಯಾಕೆ ಅಂದ್ರೆ, ಹಬ್ಬದ ಸೇಲ್‌ನಲ್ಲಿ ತಗೊಂಡಿದ್ದು ಎಷ್ಟೋ ಸಲ ಅದಕ್ಕಿಂತ ಆರು ತಿಂಗಳು ವರ್ಷ ಮುಂಚೆ ತಯಾರಾಗಿರತ್ತೆ. ನೀವು 2021 ಅಂತ ಬರೆದು, ಬಂದವರು ಸ್ಟಿಕ್ಕರ್ ಮೇಲೆ 2020 ನೋಡಿದ್ರೆ ನೀವು ಸುಳ್ಳು ಹೇಳಿಲ್ಲದಿದ್ರೂ ನಂಬಿಕೆ ಹೋಯ್ತು. ಎರಡೂ ಬರೆದುಬಿಡಿ. ಸೀರಿಯಲ್ ನಂಬರ್ ಮಾತ್ರ ಬರೀಬೇಡಿ, ಫೋಟೋದಲ್ಲೂ ಮುಚ್ಚಿ, ಅದು ಮನೆಗೆ ಬಂದು ನೋಡೋರಿಗೆ ಸಾಕು.

ಹಾಗೇ ಪರದೆ ಯಾವ ಜಾತಿ ಅಂತಾನೂ ತಿಳ್ಕೊಳ್ಳಿ, ಇಲ್ಲಿ ಸುಮಾರು ಜನ ತಪ್ಪು ಬರೀತಾರೆ. ಎಲ್‌ಇಡಿ ಅಂದ್ರೆ ಪರದೆ ಹಿಂದೆ ಪುಟ್ಟ ದೀಪಗಳ ಪಟ್ಟಿ ಇರೋದು, ಕ್ಯೂಎಲ್‌ಇಡಿ ಅಂದ್ರೂ ಒಳಗೆ ಅದೇ, ಬಣ್ಣ ಚೆನ್ನಾಗಿ ಬರೋಕೆ ಇನ್ನೊಂದು ಪದರ ಜಾಸ್ತಿ. ಓಎಲ್‌ಇಡಿ ಮಾತ್ರ ಪೂರ್ತಿ ಬೇರೆ, ಅದ್ರಲ್ಲಿ ಹಿಂದೆ ದೀಪಾನೇ ಇರಲ್ಲ, ಪ್ರತಿ ಚುಕ್ಕೆನೂ ತಾನೇ ಬೆಳಗತ್ತೆ, ಬೆಲೆನೂ ಜಾಸ್ತಿ. ಕ್ಯೂಎಲ್‌ಇಡಿ ಇಟ್ಕೊಂಡು ಓಎಲ್‌ಇಡಿ ಅಂತ ಹಾಕಿದ್ರೆ ಬಂದವರು ಬಾಗಿಲಲ್ಲೇ ಜಗಳ ಆಡಿ ಹೋಗ್ತಾರೆ.

ಸೈಜ್ ಡೌಟ್ ಇದ್ರೆ ಟೇಪ್ ಹಿಡೀರಿ, ಆದ್ರೆ ಅಗಲ ಅಲ್ಲ, ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ, ಸುತ್ತ ಇರೋ ಚೌಕಟ್ಟು ಬಿಟ್ಟು. ಸುಮಾರು 80 ಸೆಂ.ಮೀ. ಬಂದ್ರೆ 32 ಇಂಚು, 108 ಬಂದ್ರೆ 43, 138 ಬಂದ್ರೆ 55.

2. ಪರದೆ ಪರೀಕ್ಷೆ: ಇದನ್ನ ನೀವೇ ಮೊದಲು ಮಾಡಿ

ಎಲ್ಲಕ್ಕಿಂತ ಜಾಸ್ತಿ ಟೈಮ್ ಇದಕ್ಕೇ ಕೊಡಿ. ರಾತ್ರಿ ಲೈಟ್ ಆರಿಸಿ, ಟಿವಿಯಲ್ಲಿ ಯೂಟ್ಯೂಬ್ ತೆಗೆದು ಪೂರ್ತಿ ಬಿಳಿ ಪರದೆಯ ವಿಡಿಯೋ ಹುಡುಕಿ ಹಾಕಿ, ಆಮೇಲೆ ಬೂದು, ಕಪ್ಪು, ಕೆಂಪು. ಸೀರಿಯಲ್ಲು ಕ್ರಿಕೆಟ್ಟು ನೋಡುವಾಗ ನಾಲ್ಕು ವರ್ಷದಿಂದ ಕಣ್ಣಿಗೆ ಬೀಳದೇ ಇದ್ದಿದ್ದು ಬಿಳಿ ಪರದೇಲಿ ಎರಡೇ ಸೆಕೆಂಡಿಗೆ ಕಾಣತ್ತೆ. ಅಕ್ಕನ ಮನೇಲಿ ಆ ಮೂಲೆ ಮಬ್ಬಾಗಿದೆ ಅಂತ ಅವರಿಗೆ ಅವತ್ತಿನವರೆಗೂ ಗೊತ್ತೇ ಇರ್ಲಿಲ್ಲ.

ಏನು ಕಂಡ್ರೆ ಏನರ್ಥ ಅಂತ ಹೇಳ್ತೀನಿ. ಒಂದು ಜಾಗ ದುಂಡಗೆ ಅಥವಾ ಮೂಲೆಯಲ್ಲಿ ಮಬ್ಬು, ಆದ್ರೆ ಚಿತ್ರ ಕಾಣತ್ತೆ ಅಂದ್ರೆ ಹಿಂದಿನ ದೀಪದ ಪಟ್ಟಿಯಲ್ಲಿ ಒಂದೆರಡು ದೀಪ ಸೋತಿದೆ ಅಂತ, ರಿಪೇರಿಯವರು ಇದನ್ನ ಬ್ಯಾಕ್‌ಲೈಟ್ ಪ್ರಾಬ್ಲಂ ಅಂತಾರೆ. ಇದು ರಿಪೇರಿ ಆಗೋ ತೊಂದರೆ, ಪಟ್ಟಿ ಬದಲಾಯಿಸಿದ್ರೆ ಸಾಕು. ಮೇಲಿಂದ ಕೆಳಗೆ ನೇರವಾಗಿ ಗೆರೆ ಬಂದಿದ್ರೆ ಅದು ಹೆಚ್ಚಾಗಿ ಪ್ಯಾನಲ್‌ದೇ ತೊಂದರೆ, ಪ್ಯಾನಲ್ ಅಂದ್ರೆ ಮುಂದಿನ ಚಿತ್ರ ಮೂಡೋ ಗಾಜಿನ ಹಲಗೆ, ಅದನ್ನ ಬದಲಾಯಿಸೋ ಖರ್ಚು ಹೊಸ ಟಿವಿ ಬೆಲೆ ಹತ್ತಿರ ಹೋಗತ್ತೆ. ಒಂದೆರಡು ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ ಇದ್ರೆ ಅದು ಸತ್ತ ಪಿಕ್ಸೆಲ್, ದೂರದಿಂದ ಕಾಣಲ್ಲ. ಓಎಲ್‌ಇಡಿಯಲ್ಲಿ ಮಾತ್ರ ಇನ್ನೊಂದು ನೋಡ್ಬೇಕು, ದಿನಗಟ್ಟಲೆ ಒಂದೇ ನ್ಯೂಸ್ ಚಾನಲ್ ಹಾಕಿದ್ರೆ ಆ ಚಾನಲ್ ಲೋಗೋ ನೆರಳಿನ ಹಾಗೆ ಪರದೆಗೆ ಅಂಟ್ಕೊಂಡಿರತ್ತೆ, ಬೂದು ಮತ್ತು ಕೆಂಪು ಪರದೇಲಿ ಚೆನ್ನಾಗಿ ಗೊತ್ತಾಗತ್ತೆ.

ಗೆರೆ ಕಂಡ್ರೆ ಬೆರಳಲ್ಲಿ ಒತ್ತಿ ನೋಡೋದು, ತಟ್ಟೋದು ಖಂಡಿತ ಬೇಡ, ಒತ್ತಿದ ಜಾಗದಲ್ಲಿ ಹೊಸ ಕಲೆ ಆಗತ್ತೆ.

ಕಂಡಿದ್ದನ್ನ ಜಾಹೀರಾತಲ್ಲಿ ಬರೀಬೇಕಾ? ಬರೀಲೇಬೇಕು, ಅದೂ ಇಂಥದೇ ತೊಂದರೆ ಅಂತ ಹೆಸರು ಹಿಡಿದು. "ಸ್ಕ್ರೀನ್‌ನಲ್ಲಿ ಚಿಕ್ಕ ಇಶ್ಯೂ ಇದೆ" ಅಂತ ಬರೆದ್ರೆ ಓದಿದವರು ಪ್ಯಾನಲ್ಲೇ ಹೋಗಿದೆ ಅಂದ್ಕೊಂಡು ಮುಂದೆ ಹೋಗ್ತಾರೆ. "ಎಡ ಕೆಳಮೂಲೆ ಅಂಗೈ ಅಗಲ ಮಬ್ಬು, ಗೆರೆ ಇಲ್ಲ, ಒಡೆದಿಲ್ಲ" ಅಂತ ಬರೆದ್ರೆ ಇದು ಬ್ಯಾಕ್‌ಲೈಟ್ ಅಷ್ಟೇ ಅಂತ ಗೊತ್ತಿರೋರಿಗೆ ಗೊತ್ತಾಗತ್ತೆ. ಅಕ್ಕ ಈ ಸಾಲು ಬೇಡ ಅಂತ ತುಂಬಾ ಹಟ ಮಾಡಿದ್ಲು, ಆದ್ರೆ ಕೊನೆಗೆ ಟಿವಿ ತಗೊಂಡ ಹುಡುಗ ಬಂದಿದ್ದೇ ಆ ಸಾಲು ನೋಡಿ.

ಪರದೆ ಆದ್ಮೇಲೆ ಎಚ್‌ಡಿಎಂಐ ಪೋರ್ಟ್ ಒಂದೊಂದೂ (ಸೆಟ್‌ಟಾಪ್ ಬಾಕ್ಸ್ ಕೇಬಲ್ ಚುಚ್ಚೋ ತೂತು), ಸೌಂಡು, ವೈಫೈ, ರಿಮೋಟಿನ ಎಲ್ಲಾ ಬಟನ್ ನೋಡಿ. ಹಳೇ ಸ್ಮಾರ್ಟ್ ಟಿವಿಗಳಲ್ಲಿ ಕೆಲವು ಆ್ಯಪ್ ಅಪ್‌ಡೇಟ್ ನಿಂತುಹೋಗಿರತ್ತೆ, ಹಾಗಾಗಿ ಯೂಟ್ಯೂಬ್ ಬಿಟ್ಟು ನೀವು ಬಳಸದೇ ಇರೋ ಇನ್ನೊಂದೆರಡು ಆ್ಯಪೂ ಓಪನ್ ಆಗತ್ತಾ ನೋಡಿ, ಆಗ್ಲಿಲ್ಲ ಅಂದ್ರೆ ಅದನ್ನೂ ಹೇಳಿ.

3. ಫೋಟೋ ಐದು ಸಾಕು

ಟಿವಿ ಆನ್ ಮಾಡಿ ಬಿಳಿ ಪರದೆ ಹಾಕಿದ್ದು ಒಂದು, ಮಾಮೂಲಿ ಚಿತ್ರ ಬರ್ತಿರೋದು ಒಂದು, ಆಫ್ ಮಾಡಿ ಓರೆಯಿಂದ ತೆಗೆದಿದ್ದು ಒಂದು (ಗೀರು ಕಾಣೋದು ಇದ್ರಲ್ಲೇ), ಹಿಂದಿನ ಸ್ಟಿಕ್ಕರ್, ಕೊನೇದು ರಿಮೋಟು, ಕಾಲು, ಸ್ಕ್ರೂ ಎಲ್ಲ ಒಟ್ಟಿಗೆ ಹಾಸಿ ಒಂದು.

ಫೋನಲ್ಲಿ ಟಿವಿ ಫೋಟೋ ತೆಗೆದ್ರೆ ಅಲೆ ಅಲೆಯಾಗಿ ಪಟ್ಟೆ ಬರತ್ತೆ. ಅದು ಟಿವಿ ದೋಷ ಅಲ್ಲ, ಟಿವಿ ಚುಕ್ಕೆಗಳಿಗೂ ಕ್ಯಾಮೆರಾ ಚುಕ್ಕೆಗಳಿಗೂ ಹೊಂದಾಣಿಕೆ ಆಗದೇ ಬರೋದು, ಆದ್ರೆ ನೋಡೋರು ಪ್ಯಾನಲ್ ಹೋಗಿದೆ ಅಂದ್ಕೋತಾರೆ. ಎರಡು ಹೆಜ್ಜೆ ಹಿಂದೆ ಹೋಗಿ, ಸ್ವಲ್ಪ ಓರೆ ನಿಂತು, ಫೋನಲ್ಲಿ ಪರದೆ ಮೇಲೆ ಮುಟ್ಟಿ ಬೆಳಕು ಕಮ್ಮಿ ಮಾಡಿ ತೆಗೀರಿ. ಫ್ಲ್ಯಾಶ್ ಬೇಡ.

ಅಪ್‌ಲೋಡ್ ಮಾಡೋ ಮುಂಚೆ ಪ್ರತಿ ಫೋಟೋನೂ ದೊಡ್ಡದು ಮಾಡಿ ನೋಡಿ. ಆಫ್ ಆಗಿರೋ ಪರದೆ ಕನ್ನಡಿ ಥರ, ಅದ್ರಲ್ಲಿ ಮನೆ, ಮಕ್ಕಳು, ಅರ್ಧ ತುಂಬಿದ ಸೂಟ್‌ಕೇಸ್ ಎಲ್ಲ ಕಾಣತ್ತೆ. ಆನ್ ಇರೋ ಪರದೇಲಿ ಮಕ್ಕಳ ಹೆಸರಿನ ಪ್ರೊಫೈಲ್, ಇಮೇಲ್ ಐಡಿ ಇರತ್ತೆ. ಬಿಲ್ ಫೋಟೋ ಹಾಕೋದಾದ್ರೆ ವಿಳಾಸ, ಫೋನ್ ನಂಬರ್ ಮೇಲೆ ಕಾಗದ ಇಟ್ಟು ತೆಗೀರಿ.

4. ಬೆಲೆ: ಹಳೇ ಬಿಲ್ ಮರೆತುಬಿಡಿ

"34,000 ಕೊಟ್ಟಿದ್ವಿ, ಅರ್ಧಕ್ಕಾದ್ರೂ ಹೋಗ್ಬೇಕು" ಅಂತ ಭಾವ ಹೇಳ್ತಿದ್ರು. ಆದ್ರೆ ತಗೊಳ್ಳೋರು ನೋಡೋದು ನಿಮ್ಮ ಬಿಲ್ ಅಲ್ಲ, ಇವತ್ತು ಅದೇ ಸೈಜಿನ ಹೊಸ ಟಿವಿ ಎಷ್ಟಕ್ಕೆ ಸಿಗತ್ತೆ ಅಂತ. ಅದೂ ಇತ್ತೀಚೆಗೆ ಇಳಿದಿದೆ, ಯಾಕಂದ್ರೆ 32 ಇಂಚಿಗಿಂತ ದೊಡ್ಡ ಟಿವಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಬಂತು. ತೆರಿಗೆ ಬಿಟ್ಟು 20,000 ಇರೋ ಟಿವಿ ಮೊದಲು 25,600 ಆಗ್ತಿತ್ತು, ಈಗ 23,600. ಅಷ್ಟರಮಟ್ಟಿಗೆ ನಿಮ್ಮ ಹಳೇ ಟಿವಿ ಬೆಲೆನೂ ಕೆಳಗೆ ಬಂತು. 32 ಇಂಚಿಗೆ ಅದಕ್ಕೂ ಮುಂಚೆನೇ 18 ಇತ್ತು, ಅದಕ್ಕೆ ಈ ಲೆಕ್ಕ ಇಲ್ಲ.

ನಾನು ಮಾಡೋ ಲೆಕ್ಕ ಇದು. ಅದೇ ಸೈಜು, ಅದೇ ದರ್ಜೆಯ ಹೊಸ ಟಿವಿ ಬೆಲೆ ಎರಡು ಮೂರು ಕಡೆ ನೋಡಿ, ನಾಲ್ಕೈದು ವರ್ಷದ ಎಲ್‌ಇಡಿಗೆ ಅದರ ಶೇಕಡ 40ರ ಆಸುಪಾಸು ಹಿಡೀತೀನಿ, ಆಮೇಲೆ ರಿಪೇರಿ ಖರ್ಚು ಕಳೀತೀನಿ. ಇದು ನನ್ನ ಅಂದಾಜು, ನಿಮ್ಮ ಊರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗ್ಬಹುದು. ಅಕ್ಕನ ಟಿವಿಗೆ ಹೊಸದು 26,000 ಇತ್ತು, ಅದರ 40 ಅಂದ್ರೆ 10,400, ಬ್ಯಾಕ್‌ಲೈಟ್‌ಗೆ 1,500 ಕಳೆದ್ರೆ 8,900. ಜಾಹೀರಾತಲ್ಲಿ 9,500 ಹಾಕಿದ್ವಿ, 8,500ಕ್ಕಿಂತ ಕೆಳಗೆ ಇಳಿಯಲ್ಲ ಅಂತ ಮನೇಲೇ ಮೊದಲೇ ಮಾತಾಡ್ಕೊಂಡಿದ್ವಿ. ಈ ಕೆಳಗಿನ ಮೊತ್ತ ಗಂಡ ಹೆಂಡತಿ ಇಬ್ರಿಗೂ ಗೊತ್ತಿರ್ಲಿ, ಇಲ್ಲಾಂದ್ರೆ ಒಬ್ರು ಫೋನಲ್ಲಿ ಒಂದು ಹೇಳಿ ಇನ್ನೊಬ್ರು ಇನ್ನೊಂದು ಹೇಳಿ ಕೆಡತ್ತೆ.

5. ಈಗ ಬರೆಯೋದು

"ಫಾರಿನ್‌ಗೆ ಹೋಗ್ತಿದೀವಿ" ಅನ್ನೋ ಮಾತು ಹೇಗೆ ಬರೀಬೇಕು ಅಂತ ಸ್ವಲ್ಪ ಯೋಚನೆ ಮಾಡಿ. ಕಾರಣ ಹೇಳೋದು ಒಳ್ಳೇದೇ, ಟಿವಿ ಕೆಟ್ಟಿದ್ದಕ್ಕೆ ಮಾರ್ತಿಲ್ಲ ಅಂತ ಓದಿದವರಿಗೆ ಧೈರ್ಯ ಬರತ್ತೆ. ಆದ್ರೆ ಜೊತೆಗೆ "ಅರ್ಜೆಂಟ್" ಅಂತಾನೋ "28ಕ್ಕೆ ಫ್ಲೈಟ್" ಅಂತಾನೋ ಸೇರಿಸಿದ್ರೆ, 27ನೇ ತಾರೀಕಿನ ತನಕ ಕಾದ್ರೆ ಸಿಕ್ಕಷ್ಟಕ್ಕೆ ಕೊಡ್ತಾರೆ ಅಂತ ಕಾಯ್ತಾರೆ. ಮನೆ ಯಾವತ್ತಿಂದ ಖಾಲಿ ಅಂತ ಊರಿಗೆಲ್ಲ ಹೇಳಿದ ಹಾಗೂ ಆಗತ್ತೆ. ಹಾಗಾಗಿ ಹೊರಡೋ ದಿನ ಬರೀಬೇಡಿ, ಟಿವಿ ಕೊಡೋ ದಿನ ಬರೀರಿ, ಅದು ಹೊರಡೋದಕ್ಕಿಂತ ಒಂದು ವಾರವಾದ್ರೂ ಮುಂಚೆ ಇರ್ಲಿ.

ಕೊಡೋ ದಿನ ಬರೆಯೋಕೆ ಇನ್ನೊಂದು ಕಾರಣ ಇದೆ. ಮಕ್ಕಳಿರೋ ಮನೇಲಿ ಕೊನೇವರೆಗೂ ಟಿವಿ ಬೇಕು, ತಗೊಳ್ಳೋರಿಗೆ ಇವತ್ತೇ ಬೇಕು. ಇದನ್ನ ಮೊದಲೇ ಬರೀದೇ ಇದ್ರೆ ಎಲ್ಲಾ ಮಾತುಕತೆ ಮುಗಿದ ಮೇಲೆ "ಹತ್ತು ದಿನ ಬಿಟ್ಟು ಬನ್ನಿ" ಅನ್ನೋ ಕಡೆ ಬಂದು ವ್ಯಾಪಾರ ಮುರಿಯತ್ತೆ.

ಅಕ್ಕನ ಮನೇದು ಹೀಗಿತ್ತು:

"43 ಇಂಚ್ (108 ಸೆಂ.ಮೀ.) 4ಕೆ ಎಲ್‌ಇಡಿ ಸ್ಮಾರ್ಟ್ ಟಿವಿ, ಕಂಪನಿ ಮತ್ತು ಪೂರ್ತಿ ಮಾಡೆಲ್ ನಂಬರ್.
ತಯಾರಾಗಿದ್ದು 2021 ಮೇ, ತಗೊಂಡಿದ್ದು 2021 ಅಕ್ಟೋಬರ್, ಬಿಲ್ ಇದೆ, ವಾರಂಟಿ ಮುಗಿದಿದೆ.
ಮೊದಲಿಂದ ನಾವೇ ಬಳಸಿದ್ದು, ಒಂದ್ಸಲಾನೂ ರಿಪೇರಿ ಆಗಿಲ್ಲ.
ತೊಂದರೆ: ಎಡ ಕೆಳಮೂಲೆ ಅಂಗೈ ಅಗಲ ಸ್ವಲ್ಪ ಮಬ್ಬು, ಬಿಳಿ ಪರದೇಲಿ ಕಾಣತ್ತೆ, 1ನೇ ಫೋಟೋ ನೋಡಿ. ಗೆರೆ ಇಲ್ಲ, ಒಡೆದಿಲ್ಲ.
ಎಚ್‌ಡಿಎಂಐ 3, ಯುಎಸ್‌ಬಿ 2, ವೈಫೈ, ಎಲ್ಲ ಕೆಲಸ ಮಾಡತ್ತೆ.
ಜೊತೆಗೆ: ರಿಮೋಟು, ಎರಡು ಕಾಲು ಸ್ಕ್ರೂ ಸಮೇತ, ಗೋಡೆ ಸ್ಟ್ಯಾಂಡು. ಸೆಟ್‌ಟಾಪ್ ಬಾಕ್ಸ್ ಕೊಡಲ್ಲ, ಡಬ್ಬಿ ಇಲ್ಲ.
ಬೆಲೆ 9,500. ಬಂದು ನೋಡಿದ ಮೇಲೆ ಸ್ವಲ್ಪ ಮಾತಾಡ್ಬಹುದು, ಚಾಟ್‌ನಲ್ಲಿ ಬೇಡ.
ಸಂಜೆ 6ರಿಂದ 9 ಬಂದು ಓಡಿಸಿ ನೋಡಿ, ವಿಜಯನಗರ, ಬೆಂಗಳೂರು.
ವಿದೇಶಕ್ಕೆ ಹೋಗ್ತಿರೋದ್ರಿಂದ ಮಾರ್ತಿದೀವಿ. ಟಿವಿ ಕೊಡೋದು 18ರಿಂದ 20ರೊಳಗೆ, 1,000 ಟೋಕನ್ ಕೊಟ್ಟವರಿಗೆ ಎತ್ತಿಡ್ತೀವಿ.
ಎರಡನೇ ಮಹಡಿ, ಲಿಫ್ಟ್ ಇದೆ. ಸಾಗಾಟ ನಿಮ್ಮದು."

ಟೋಕನ್ ಅಂದ್ರೆ ಮುಂಗಡ. ಸೆಟ್‌ಟಾಪ್ ಬಾಕ್ಸ್ ವಿಷಯ ಯಾಕೆ ಬರೆದಿದ್ದು ಅಂದ್ರೆ ಟಿವಿ ಜೊತೆ ಅದೂ ಬರತ್ತೆ ಅಂತ ಸುಮಾರು ಜನ ಅಂದ್ಕೋತಾರೆ, ಅದು ನಿಮ್ಮ ಹೆಸರಿನ ಕನೆಕ್ಷನ್, ಬೇರೆಯವರ ಕೈಗೆ ಕೊಡ್ಬೇಡಿ. ಏರಿಯಾ ಹೆಸರು ಸಾಕು, ಮನೆ ನಂಬರ್ ಬರೋದು ಪಕ್ಕಾ ಆದವರಿಗೆ ಮಾತ್ರ.

ಮೊದಲು ಅಪಾರ್ಟ್‌ಮೆಂಟಿನ ಅಥವಾ ಬೀದಿಯ ವಾಟ್ಸಾಪ್ ಗ್ರೂಪಲ್ಲಿ ಹಾಕಿ. ಹತ್ತಿರದವರು ತಗೊಂಡ್ರೆ ಸಾಗಾಟದ ತಲೆನೋವೇ ಇಲ್ಲ. ಮೂರು ದಿನ ನೋಡಿ ಆಮೇಲೆ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗೆ ಹಾಕಿದ್ರಾಯ್ತು.

6. ದುಡ್ಡಿನ ವಿಷಯದಲ್ಲಿ ಹುಷಾರು

ಜಾಹೀರಾತು ಹಾಕಿದ ಹತ್ತು ನಿಮಿಷಕ್ಕೇ ಫೋನ್ ಮಾಡಿ, ಟಿವಿ ಬಗ್ಗೆ ಒಂದು ಮಾತೂ ಕೇಳದೆ, ಚೌಕಾಸಿ ಮಾಡದೆ, "ಈಗ್ಲೇ ದುಡ್ಡು ಹಾಕ್ತೀನಿ, ಕ್ಯೂಆರ್ ಕಳಿಸ್ತೀನಿ ಸ್ಕ್ಯಾನ್ ಮಾಡಿ" ಅನ್ನೋರು ಮೋಸದವರು. ಕೆಲವರು ಮಿಲಿಟರಿಯವರು ಅಂತ ಹೇಳ್ಕೊಂಡು ಐಡಿ ಕಾರ್ಡ್ ಫೋಟೋನೂ ಕಳಿಸ್ತಾರೆ. ಒಂದೇ ಮಾತು ನೆನಪಿಡಿ: ಯುಪಿಐನಲ್ಲಿ ದುಡ್ಡು ಬರೋಕೆ ನೀವು ಪಿನ್ ಒತ್ತೋದೇ ಬೇಡ. ಪಿನ್ ಕೇಳಿತು ಅಂದ್ರೆ ನಿಮ್ಮ ಅಕೌಂಟಿಂದ ದುಡ್ಡು ಹೋಗ್ತಿದೆ ಅಂತ. ಮನೇಲಿ ಅಪ್ಪ ಅಮ್ಮನ ನಂಬರ್ ಕೊಟ್ಟಿದ್ರೆ ಅವರಿಗೂ ಇದನ್ನ ಹೇಳಿಡಿ, ನೀವು ಪ್ಯಾಕಿಂಗ್ ಗಲಾಟೇಲಿರುವಾಗ ಫೋನ್ ಎತ್ತೋದು ಅವರೇ.

ಟಿವಿ ಕೊಡೋ ದಿನಾನೂ ಅಷ್ಟೇ, ಅವರು ತೋರ್ಸೋ ಸ್ಕ್ರೀನ್‌ಶಾಟ್ ನಂಬ್ಬೇಡಿ, ನಿಮ್ಮ ಬ್ಯಾಂಕ್ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿ, ಆಮೇಲೆ ಬಾಗಿಲು ದಾಟಿಸಿ. ಟೋಕನ್ ತಗೊಂಡ್ರೆ ಒಂದು ಮೆಸೇಜ್ ಹಾಕಿ: ಎಷ್ಟು ಬಂತು, ಒಟ್ಟು ಎಷ್ಟಕ್ಕೆ ಒಪ್ಪಿದ್ದು, ಯಾವತ್ತಿನೊಳಗೆ ಬರ್ಬೇಕು, ಬರದಿದ್ರೆ ಏನು.

7. ಕೊಡೋ ದಿನ

ರೀಸೆಟ್ ಮೊದಲೇ ಮಾಡಿಡ್ಬೇಡಿ, ಇದು ಎಲ್ಲರೂ ಮಾಡೋ ತಪ್ಪು. ಬಂದವರ ಮುಂದೆ ಯೂಟ್ಯೂಬ್ ಓಡಿಸಿ ತೋರಿಸಿ, ಬಿಳಿ ಪರದೆ ತೋರಿಸಿ, ದುಡ್ಡು ಬಂದ ಮೇಲೆ ಅವರೆದುರೇ ಮಾಡಿ. ಸೆಟ್ಟಿಂಗ್ಸ್‌ನಲ್ಲಿ System ಅಥವಾ General ಒಳಗೆ Reset ಇಲ್ಲಾ Factory reset ಅಂತ ಇರತ್ತೆ, ಕಂಪನಿಯಿಂದ ಕಂಪನಿಗೆ ಜಾಗ ಬೇರೆ. ಕೆಲವು ಪಿನ್ ಕೇಳತ್ತೆ, ನೀವು ಯಾವತ್ತೂ ಬದಲಾಯಿಸಿಲ್ಲ ಅಂದ್ರೆ ಸುಮಾರು ಟಿವಿಗಳಲ್ಲಿ 0000 ಇರತ್ತೆ. ಇದನ್ನ ಮಾಡ್ಲಿಲ್ಲ ಅಂದ್ರೆ ನಿಮ್ಮ ಗೂಗಲ್ ಅಕೌಂಟು, ವೈಫೈ ಪಾಸ್‌ವರ್ಡು, ದುಡ್ಡು ಕಟ್ಟಿರೋ ಆ್ಯಪುಗಳು ಎಲ್ಲಾ ಟಿವಿ ಜೊತೆ ಹೋಗತ್ತೆ.

ಗೋಡೆಗೆ ಹಾಕಿದವರು ಕಾಲು ಮತ್ತು ಅದರ ಸ್ಕ್ರೂ ಎಲ್ಲಿಟ್ಟಿದೀರಿ ಅಂತ ಇವತ್ತೇ ಹುಡುಕಿ. ನಾಲ್ಕು ಸ್ಕ್ರೂ ಇಲ್ಲಾಂದ್ರೆ ತಗೊಂಡವರಿಗೆ ಮೇಜಿನ ಮೇಲೆ ಇಡೋಕೇ ಆಗಲ್ಲ, ಅದಕ್ಕೆ ಐನೂರು ಸಾವಿರ ಕಮ್ಮಿ ಮಾಡಿ ಅಂತಾರೆ. ಅಕ್ಕನ ಮನೇಲಿ ಅದು ಅಟ್ಟದ ಮೇಲೆ ಮಿಕ್ಸಿ ಡಬ್ಬಿಯೊಳಗಿತ್ತು, ಸಿಗೋಕೆ ಎರಡು ದಿನ ಆಯ್ತು.

ಇಳಿಸುವಾಗ ಇಬ್ರು ಬೇಕು, ಕೆಳ ಅಂಚು ಮತ್ತು ಬದಿ ಹಿಡೀಬೇಕು, ಪರದೆ ನಡುವೆ ಅಂಗೈ ಇಡಬಾರದು. ಗಾಡೀಲಿ ನಿಲ್ಲಿಸಿಕೊಂಡೇ ಹೋಗ್ಬೇಕು, ಮಲಗಿಸಿದ್ರೆ ಹಳ್ಳಕ್ಕೆ ಬಿದ್ದಾಗ ನಡುವೆ ಬಾಗಿ ಒಡೆಯತ್ತೆ. 43 ಇಂಚಿನದು ಒಂದು ಮೀಟರಿಗೆ ಸ್ವಲ್ಪ ಕಮ್ಮಿ ಅಗಲ, ಸುತ್ತ ಕಂಬಳಿ ಸುತ್ತಿದ್ರೆ ಸುಮಾರು ಕಾರುಗಳ ಹಿಂದಿನ ಸೀಟಲ್ಲಿ ನಿಲ್ಲತ್ತೆ. 55 ಆದ್ರೆ ಗೂಡ್ಸ್ ಆಟೋನೇ ಬೇಕು. ಅಪಾರ್ಟ್‌ಮೆಂಟ್ ಆದ್ರೆ ಸೆಕ್ಯೂರಿಟಿಗೆ ಮೊದಲೇ ಗೇಟ್‌ಪಾಸ್ ಹೇಳಿಡಿ, ಇಲ್ಲಾಂದ್ರೆ ತಗೊಂಡವರು ಟಿವಿ ಹಿಡ್ಕೊಂಡು ಗೇಟಲ್ಲಿ ಅರ್ಧ ಗಂಟೆ ನಿಲ್ಬೇಕಾಗತ್ತೆ.

ಟಿವಿ ಹೋದ ದಿನಾನೇ ಜಾಹೀರಾತು ಎಲ್ಲಾ ಕಡೆಯಿಂದ ತೆಗೀರಿ. ಅದೇ ರಾತ್ರಿ ಫೋನಲ್ಲಿ ಗೂಗಲ್ ಅಕೌಂಟಿನ ಡಿವೈಸ್ ಪಟ್ಟಿ ತೆಗೆದು ಟಿವಿ ಇನ್ನೂ ಅಲ್ಲಿದ್ರೆ ಸೈನ್ ಔಟ್ ಮಾಡಿ. ಊರು ಬಿಟ್ಟ ಮೇಲೆ ಮಾಡೋಣ ಅಂತ ಬಿಡ್ಬೇಡಿ, ಇಂಡಿಯಾ ಸಿಮ್ ಅಲ್ಲಿ ಕೆಲಸ ಮಾಡದೇ ಓಟಿಪಿ ಬರದೇ ಇದ್ರೆ ಅಷ್ಟು ಚಿಕ್ಕ ಕೆಲಸಕ್ಕೂ ಒದ್ದಾಡ್ಬೇಕಾಗತ್ತೆ.